ಸಾಂಗಲಿಯ ಅಂಗಡಿಗೆ ಬರೆದ ಕಾಗದ



ನಾವು ಜತ್ತ ತಾಲೂಕಿನಲ್ಲಿ ಪಾತ್ರೆ ಅಂಗಡಿ ನಡೆಸುವವರು. ಸ್ಟೀಲಿನ ಡಬ್ಬಿ, ಕುಕ್ಕರು, ಮಿಕ್ಸರು ಮಾರುತ್ತ ನಲವತ್ತು ವರ್ಷಗಳು ಕಳೆದವು. ಮಾಲು ಕೆಟ್ಟಿದೆ ಎಂದು ಗಿರಾಕಿಗಳು ತಂದ ತಕರಾರುಗಳನ್ನು ನಾವು ಬಹಳ ಕೇಳಿದ್ದೇವೆ. ನಾವೇ ಗಿರಾಕಿಯಾಗಿ ಇನ್ನೊಬ್ಬರ ಅಂಗಡಿಗೆ ತಕರಾರಿನ ಕಾಗದ ಬರೆಯುವ ಪ್ರಸಂಗ ಮಾತ್ರ 2025ರ ಡಿಸೆಂಬರಿನವರೆಗೆ ಬಂದಿರಲಿಲ್ಲ. ಆ ಒಂದು ಕಾಗದದ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಮನೆಯವರಿಗೆ ಮೊಣಕಾಲು ನೋವು. ಬಸದಿಯ ಮೆಟ್ಟಿಲು ಹತ್ತುವುದು ಕಷ್ಟವಾಗಿ, ಸಂಜೆ ಹೊತ್ತು ಮುಳುಗುವ ಮೊದಲು ಊಟ ಮುಗಿಸಿ ಮೊಬೈಲಿನಲ್ಲಿ ಮುನಿಮಹಾರಾಜರ ಪ್ರವಚನ ಕೇಳುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಅದೇ ಕೋಣೆಯಲ್ಲಿ ಮೊಮ್ಮಗನ ಅಭ್ಯಾಸ. ಅವನಿಗೆ ತೊಂದರೆಯಾಗಬಾರದೆಂದು ದಶಲಕ್ಷಣ ಪರ್ವದ ಮುಂಚೆ, 2025ರ ಆಗಸ್ಟ್ 23ರಂದು, ಸಾಂಗಲಿಯ ಒಂದು ಮೊಬೈಲ್ ಅಂಗಡಿಯಿಂದ ವಾಯರ್ ಇಲ್ಲದ ಇಯರ್‌ಬಡ್ಸ್ ತಂದೆವು. ಬೆಲೆ 1,799 ರೂಪಾಯಿ, ವಾರಂಟಿ ಒಂದು ವರ್ಷ. ಕಿವಿಯಲ್ಲಿ ಇಡುವ ಎರಡು ಬಡ್, ಅವುಗಳನ್ನು ಇಟ್ಟು ಚಾರ್ಜ್ ಮಾಡುವ ಒಂದು ಸಣ್ಣ ಡಬ್ಬಿ, ಇಷ್ಟೇ ಸಾಮಾನು.

ಬಿಲ್ ಮಾಡುವಾಗ ಕೌಂಟರಿನ ಹುಡುಗ, ‘ಜಿಎಸ್‌ಟಿ ನಂಬರ್ ಹಾಕಲೇ?’ ಎಂದು ಕೇಳಿದ. ನಮ್ಮ ಮಗ ರೂಢಿಯ ಮೇಲೆ ಹೂಂ ಎನ್ನುವುದರಲ್ಲಿದ್ದ. ನಾವು ಬೇಡವೆಂದು ಮನೆಯವರ ಹೆಸರಿನಲ್ಲಿಯೇ ಬಿಲ್ ಮಾಡಿಸಿದೆವು. ಇದು ನಮ್ಮಂಥ ವ್ಯಾಪಾರಸ್ಥರು ಲಕ್ಷ್ಯದಲ್ಲಿಡಬೇಕಾದ ಮಾತು. ಶೇಕಡಾ 18ರಂತೆ ಆ ಬಿಲ್ಲಿನಲ್ಲಿದ್ದ ತೆರಿಗೆ 274 ರೂಪಾಯಿ 42 ಪೈಸೆ. ಅಷ್ಟು ಜಮಾ ಸಿಗುತ್ತದೆಂಬ ಆಸೆಗೆ ಮನೆಯ ಸಾಮಾನನ್ನು ಅಂಗಡಿಯ ಹೆಸರಿಗೆ ಬರೆಸುವವರು ನಮ್ಮಲ್ಲಿ ಬಹಳ. ಸ್ವಂತ ಬಳಕೆಯ ಮಾಲಿಗೆ ಆ ಜಮಾ ತೆಗೆದುಕೊಳ್ಳಲು ಕಾಯದೆಯಲ್ಲಿ ಅವಕಾಶವಿಲ್ಲ. ಅಷ್ಟೇ ಅಲ್ಲ, ಮುಂದೆ ಮಾಲು ಕೆಟ್ಟು ಗ್ರಾಹಕ ಆಯೋಗಕ್ಕೆ ಹೋಗುವ ಹೊತ್ತು ಬಂದರೆ, ‘ಇವರು ವ್ಯಾಪಾರಕ್ಕೆಂದು ಕೊಂಡವರು, ಗ್ರಾಹಕರಲ್ಲ’ ಎಂದು ಎದುರಿನವರು ಹೇಳಲು ನಾವೇ ದಾರಿ ಮಾಡಿಕೊಟ್ಟಂತೆ ಆಗುತ್ತದೆ.

ಮೂರು ತಿಂಗಳು ಎಲ್ಲ ಸರಿಯಾಗಿತ್ತು. ನವೆಂಬರ್ 19ರ ಸಂಜೆ ಮನೆಯವರು, ‘ಎಡಗಿವಿದು ಮಾತಾಡವಲ್ಲದು’ ಎಂದರು. ಮೊಮ್ಮಗ ನೋಡಿ, ‘ಚಾರ್ಜ್ ಆಗಿಲ್ಲ’ ಎಂದ. ರಾತ್ರಿಯಿಡೀ ಡಬ್ಬಿಯಲ್ಲಿಟ್ಟು ಬೆಳಿಗ್ಗೆ ನೋಡಿದರೂ ಅದೇ ಕಥೆ.

ಮೂರು ದಿನಗಳ ನಂತರ ಮಗ ಸಾಂಗಲಿಯ ಅಂಗಡಿಗೆ ಫೋನ್ ಮಾಡಿದ. ಏಳು ದಿನಗಳ ಒಳಗೆ ಆಗಿದ್ದರೆ ತಾವು ಬದಲಿ ಕೊಡುತ್ತಿದ್ದೆವು, ಈಗ ತಮ್ಮ ಸಂಬಂಧ ಮುಗಿಯಿತು, ಕಂಪನಿಯವರನ್ನು ಕೇಳಿರಿ ಎಂದು ಆ ಕಡೆಯಿಂದ ಉತ್ತರ ಬಂತು. ಫೋನ್ ಎತ್ತಿದವರು ಯಾರು, ಮಾಲಕರೋ ಕೆಲಸದ ಹುಡುಗನೋ, ಕೇಳಲು ಮಗ ಮರೆತಿದ್ದ. ಬಾಯಿಮಾತಿನ ಫಜೀತಿಯೇ ಇದು. ನಾಳೆ ಅವರು ಹಾಗೆ ಹೇಳಿಯೇ ಇಲ್ಲವೆಂದರೆ ನಮ್ಮ ಕೈಯಲ್ಲಿ ಏನಿದೆ? ಆದ್ದರಿಂದ ಕಾಗದ ಬರೆಯುವುದೆಂದು ನಿಶ್ಚಯಿಸಿದೆವು.

ಬರೆಯಲು ಕುಳಿತಾಗ ಒಂದು ಸಂಗತಿ ತಿಳಿಯಿತು. ಗಿರಾಕಿ ನಮ್ಮ ಅಂಗಡಿಗೆ ಬಂದು ‘ಮಿಕ್ಸರ್ ಕೆಟ್ಟದ’ ಎಂದರೆ ನಾವು ಏನು ಕೇಳುತ್ತೇವೆ? ಮೋಟರ್ ತಿರುಗುವುದಿಲ್ಲವೋ, ತಿರುಗಿ ಜಾರು ತಿರುಗುವುದಿಲ್ಲವೋ, ನಡುವೆ ನಿಲ್ಲುತ್ತದೋ? ಮೂರಕ್ಕೂ ಮದ್ದು ಬೇರೆ. ಹಾಗೆಯೇ ‘ಚಾರ್ಜ್ ಆಗುವುದಿಲ್ಲ’ ಎಂಬ ಒಂದು ಮಾತಿನಲ್ಲಿ ಮೂರು ಬೇರೆ ಬೇರೆ ದೋಷಗಳು ಅಡಗಿವೆ. ಗೋಡೆಯಿಂದ ಡಬ್ಬಿಗೆ ಕರೆಂಟು ಬಾರದಿರುವುದು ಒಂದು. ಡಬ್ಬಿಯಿಂದ ಬಡ್ಡಿಗೆ ಬಾರದಿರುವುದು ಎರಡನೆಯದು. ಬಂದ ಚಾರ್ಜನ್ನು ಬಡ್ಡಿನ ಒಳಗಿನ ಬ್ಯಾಟರಿ ಹಿಡಿದಿಡದಿರುವುದು ಮೂರನೆಯದು. ಯಾವುದೆಂದು ತಿಳಿಯದೆ ಬರೆದರೆ ಕಾಗದ ಓದಿದವರಿಗೂ ಏನೂ ತಿಳಿಯದು. ಅದಕ್ಕೆಂದೇ ಒಂದು ರವಿವಾರ ನಾವೂ ಮೊಮ್ಮಗನೂ ಕೂಡಿ ಪರೀಕ್ಷೆ ಮಾಡಿದೆವು.

ಮೊದಲು ಡಬ್ಬಿ. ನಮ್ಮ ಹೊಸ ಮೊಬೈಲಿನ ಚಾರ್ಜರಿಗೆ ಎರಡೂ ತುದಿ ಒಂದೇ ತರಹ ಇರುವ, ಸಿ ಎನ್ನುವ ಕೇಬಲ್ ಇದೆ. ಅದನ್ನು ಹಚ್ಚಿದರೆ ಡಬ್ಬಿಯ ದೀಪವೇ ಹತ್ತಲಿಲ್ಲ. ಡಬ್ಬಿಯೇ ಕೆಟ್ಟಿತೆಂದು ನಾವು ಬಗೆದೆವು. ಮೊಮ್ಮಗ ಹಳೆಯ ಚಾರ್ಜರಿನ ಅಗಲ ಮೂತಿಯ ಕೇಬಲ್ ತಂದು ಹಚ್ಚಿದ. ಕೂಡಲೇ ದೀಪ ಹತ್ತಿತು. ಸಿ ಮೂತಿಯ ಚಾರ್ಜರು ಎದುರಿನ ಸಾಮಾನಿನಲ್ಲಿ ಒಂದು ಸಣ್ಣ ಗುರುತಿನ ಬಿಡಿಭಾಗ ಇದೆಯೋ ಇಲ್ಲವೋ ನೋಡಿ, ಇದ್ದರೆ ಮಾತ್ರ ಕರೆಂಟು ಬಿಡುತ್ತದಂತೆ. ಕಡಿಮೆ ಬೆಲೆಯ ಕೆಲವು ಡಬ್ಬಿಗಳಲ್ಲಿ ಅದನ್ನು ಹಾಕಿರುವುದಿಲ್ಲ. ಹಳೆಯ ಅಗಲ ಮೂತಿಯ ಚಾರ್ಜರು ಹಾಗೆ ಕೇಳದೆ ಕರೆಂಟು ಬಿಡುತ್ತದೆ. ಇದನ್ನು ನೋಡದೆ ಡಬ್ಬಿ ಸತ್ತಿದೆ ಎಂದು ಬರೆದಿದ್ದರೆ ಅಂಗಡಿಯವರು ನಮ್ಮ ಎದುರಿಗೇ ತಮ್ಮ ಕೇಬಲ್ ಹಚ್ಚಿ ದೀಪ ತೋರಿಸಿ ಕಳಿಸುತ್ತಿದ್ದರು. ನಮ್ಮ ಮೊದಲ ಮಾತೇ ಸುಳ್ಳಾದ ಮೇಲೆ ಎರಡನೆಯದನ್ನು ಯಾರು ಕೇಳುತ್ತಾರೆ?

ಡಬ್ಬಿ ಪೂರ್ತಿ ತುಂಬಿದ ಮೇಲೆ ಎರಡೂ ಬಡ್ ಇಟ್ಟೆವು. ಬಲದ್ದರ ದೀಪ ಹತ್ತಿತು, ಎಡದ್ದು ಹತ್ತಲಿಲ್ಲ. ಇಲ್ಲಿ ಬಹಳ ಸಲ ಕಾರಣ ಕಸ. ಕಿವಿಯ ಗುಗ್ಗೆ, ಬೆವರು, ಧೂಳು ಕೂಡಿ ಬಡ್ಡಿನ ಬುಡದ ಚಿನ್ನದ ಬಣ್ಣದ ಚುಕ್ಕೆಗಳ ಮೇಲೆ ಪದರು ಕಟ್ಟುತ್ತದೆ. ಒಣ ಅರಳೆಯಿಂದ ಒರೆಸಿದೆವು. ಸೂಜಿ, ಪಿನ್ನು ಹಾಕಿ ಕೆರೆಯಬಾರದು. ಆ ಚಿನ್ನದ ಲೇಪ ಬಹಳ ತೆಳುವು, ಹೋದರೆ ಮರಳಿ ಬಾರದು, ಗೀರು ಬಿದ್ದರೆ ವಾರಂಟಿಯವರು ನಮ್ಮ ಕಡೆಗೇ ಬೆರಳು ಮಾಡುತ್ತಾರೆ. ಒರೆಸಿ ಅರ್ಧ ತಾಸು ಬಿಟ್ಟು ನೋಡಿದೆವು. ಬ್ಯಾಟರಿ ತೀರ ಬರಿದಾಗಿದ್ದರೆ ಎಚ್ಚರಗೊಳ್ಳಲು ಅಷ್ಟು ಹೊತ್ತು ಬೇಕಾಗುವುದುಂಟು. ಆದರೂ ದೀಪ ಹತ್ತಲಿಲ್ಲ.

ಆಗ ಮೊಮ್ಮಗ ಡಬ್ಬಿಯ ಒಳಗಿನ ಗುಂಡಿಗಳನ್ನು ಬೆಳಕಿಗೆ ಹಿಡಿದು ನೋಡಿದ. ಒಂದೊಂದು ಗುಂಡಿಯಲ್ಲಿ ಎರಡೆರಡು ಸಣ್ಣ ಮೊಳೆಗಳಿವೆ. ಅವುಗಳ ಕೆಳಗೆ ಸ್ಪ್ರಿಂಗ್ ಇದ್ದು, ಬಡ್ ಇಟ್ಟಾಗ ತುಸು ಒಳಗೆ ಹೋಗಿ, ತೆಗೆದಾಗ ಮೇಲೆ ಬರಬೇಕು. ಬಲಗುಂಡಿಯ ಎರಡೂ ಮೊಳೆ ಸಮನಾಗಿ ಎದ್ದು ನಿಂತಿದ್ದವು. ಎಡಗುಂಡಿಯಲ್ಲಿ ಒಂದು ಮಾತ್ರ ಎದ್ದಿತ್ತು, ಇನ್ನೊಂದು ಕೆಳಗೆ ಕುಳಿತೇ ಬಿಟ್ಟಿತ್ತು. ಎಡದ ಬಡ್ ಇಟ್ಟು ಬೆರಳಿನಿಂದ ಮೆಲ್ಲಗೆ ಒತ್ತಿದರೆ ದೀಪ ಹತ್ತುತ್ತದೆ, ಬೆರಳು ತೆಗೆದರೆ ಆರುತ್ತದೆ. ಬಡ್ಡಿನ ಮೇಲೆ ಅರಿವೆಯ ಮಡಿಕೆಯೊಂದನ್ನಿಟ್ಟು ಮುಚ್ಚಳ ಹಾಕಿ ನಲವತ್ತು ನಿಮಿಷ ಬಿಟ್ಟೆವು. ಮೊಬೈಲಿನಲ್ಲಿ ನೋಡಿದರೆ ಎಡದ್ದು ಸೊನ್ನೆಯಿಂದ 60ಕ್ಕೆ ಏರಿತ್ತು. ಬಡ್ಡಿನ ಬ್ಯಾಟರಿ ಗಟ್ಟಿಯಾಗಿದೆ, ದೋಷ ಇರುವುದು ಡಬ್ಬಿಯ ಒಂದು ಮೊಳೆಯಲ್ಲಿ ಎಂದು ಖಾತ್ರಿಯಾಯಿತು.

ಹಾಗಾದರೆ ಅರಿವೆ ಇಟ್ಟೇ ನಡೆಸಬಾರದೇ ಎಂದು ಮೊಮ್ಮಗ ಕೇಳಿದ. ಒಂಬತ್ತು ತಿಂಗಳ ವಾರಂಟಿ ಇನ್ನೂ ಬಾಕಿ ಇದೆ. ಇಂದು ಒಂದು ಮೊಳೆ ಕುಳಿತಿದೆ, ಅರಿವೆಯ ಒತ್ತಿಗೆ ನಾಳೆ ಮುಚ್ಚಳದ ಕೀಲು ಮುರಿದರೆ ಅದು ನಮ್ಮ ತಪ್ಪಾಗುತ್ತದೆ. ಬೇಡವೆಂದೆವು.

ಇಷ್ಟಾದ ಮೇಲೆ ಕಾಗದ ಸುಲಭವಾಗಬೇಕಿತ್ತು. ಆದರೆ ಒಂದು ಮಾತು ಅಡ್ಡ ಬಂತು.

ಸೆಪ್ಟೆಂಬರ್ 6, ಅನಂತ ಚತುರ್ದಶಿಯ ದಿವಸ, ಸೊಸೆ ಬಸದಿಯಿಂದ ಅತ್ತೆಗೆಂದು ಗಂಧೋದಕ ತಂದಿದ್ದಳು. ಬಟ್ಟಲನ್ನು ಇಡುವಾಗ ನಾಲ್ಕೈದು ಹನಿ ಪಕ್ಕದಲ್ಲಿದ್ದ ಈ ಡಬ್ಬಿಯ ಮುಚ್ಚಳದ ಮೇಲೆ ಬಿದ್ದವು. ಮುಚ್ಚಳ ಹಾಕಿಯೇ ಇತ್ತು, ಮನೆಯವರು ಕೂಡಲೇ ಸೆರಗಿನಿಂದ ಒರೆಸಿದರು. ಅದಾದ ನಂತರ ಹತ್ತು ವಾರ ಏನೂ ಆಗಿರಲಿಲ್ಲ. ವಾರಂಟಿ ಕಾರ್ಡಿನಲ್ಲಿ ನೀರಿನಿಂದ ಆದ ಕೆಡಕಿಗೆ ಕಂಪನಿ ಜವಾಬ್ದಾರಿಯಲ್ಲ ಎಂದು ಬರೆದಿದೆ. ಪೆಟ್ಟಿಗೆಯ ಮೇಲೆ ಐಪಿಎಕ್ಸ್ 4 ಎಂದು, ನೀರು ಸಿಡಿದರೆ ತಡೆಯುತ್ತದೆ ಎಂಬ ಅರ್ಥದ ಅಚ್ಚು ಇದೆ. ಆದರೆ ಒಳಗಿನ ಕಾಗದ ಓದಿದರೆ ಅದು ಬಡ್ಡಿಗೆ ಮಾತ್ರ, ಡಬ್ಬಿಗೆ ಅಲ್ಲ. ಹೆಚ್ಚಿನ ಇಯರ್‌ಬಡ್ಸ್‌ಗಳಲ್ಲಿ ಹೀಗೆಯೇ ಇರುತ್ತದೆ.

ಮೊಮ್ಮಗ ಹೇಳಿದ: ‘ಅಜ್ಜಾ, ನೀರಿನ ಮಾತು ಬರೀಬ್ಯಾಡ್ರಿ. ನೀರು ಅಂದ್ರ ಸಾಕು, ವಾರಂಟಿ ಇಲ್ಲ ಅಂತ ಕೈ ಝಾಡಸ್ತಾರ. ಅವರಿಗೇನ ಗೊತ್ತಾಗತೈತಿ?’

ಮಗನೂ ಅದೇ ಹೇಳಿದ: ‘ನಾಕ ಹನಿಯಿಂದ ಆಗಿದ್ದಲ್ಲ ಅಂತ ನಮಗ ಗೊತ್ತೈತಿ ಅಲ್ಲರಿ ಅಪ್ಪಾ. ಸುಳ್ಳ ಹೇಳೂದಿಲ್ಲ, ಸುಮ್ಮನ ಹೇಳದ ಬಿಡೂದು.’

ಸತ್ಯ ಹೇಳುತ್ತೇವೆ, ನಮಗೂ ಆ ಮಾತು ಸರಿಯೆನಿಸಿತ್ತು. ವ್ಯಾಪಾರದಲ್ಲಿ ಇಂಥ ಸುಮ್ಮನಿರುವಿಕೆ ನಮಗೆ ಹೊಸದಲ್ಲ. ಒಳಗಿನಿಂದ ಮನೆಯವರು ಅಂದರು: ‘ಬರೀರಿ. ಗಂಧೋದಕ ಬಿದ್ದದ್ದು ಖರೇ ಐತಿ. ಇದನ್ನ ಕಿವಿಯಾಗ ಇಟಗೊಂಡು ಉತ್ತಮ ಸತ್ಯದ ಪ್ರವಚನ ಕೇಳೇನಿ. ಮುಚ್ಚಿಟ್ಟ ತಂದದ್ದನ್ನ ಮತ್ತ ಕಿವಿಯಾಗ ಹ್ಯಾಂಗ ಇಟಗೊಳ್ಳಲಿ?’

ಬರೆದೆವು. ಬರೆಯುತ್ತ ಹೋದಂತೆ ಆ ಮಾತು ನಮಗೆ ಅಡ್ಡಿಯಲ್ಲ, ಆಧಾರ ಎಂದು ತೋರಿತು. ನೀರು ಹೊಕ್ಕ ಸಾಮಾನಿನ ಮೊಳೆಗಳ ಮೇಲೆ ಹಸಿರು ಇಲ್ಲವೆ ಬಿಳಿ ಕಿಲುಬು ಏರುತ್ತದೆ. ನಮ್ಮ ಡಬ್ಬಿಯ ನಾಲ್ಕೂ ಮೊಳೆ ಹೊಳೆಯುತ್ತಿದ್ದವು. ನೀರಿನ ಸಂಗತಿಯನ್ನು ನಾವೇ ತಾರೀಖಿನೊಂದಿಗೆ ಹೇಳಿ, ಕಿಲುಬು ಇಲ್ಲವೆಂಬುದನ್ನು ಪಕ್ಕದಲ್ಲಿ ಬರೆದರೆ ಪರೀಕ್ಷಕರು ಅದನ್ನೇ ನೋಡುತ್ತಾರೆ. ಮುಚ್ಚಿಟ್ಟು, ಮುಂದೆ ಸೊಸೆಯ ಬಾಯಿಂದಲೋ ಮೊಮ್ಮಗನ ಬಾಯಿಂದಲೋ ಬಂದರೆ ಉಳಿದ ಒಂಬತ್ತು ಖರೇ ಮಾತುಗಳೂ ಸಂಶಯಕ್ಕೆ ಗುರಿಯಾಗುತ್ತವೆ.

ಇನ್ನೊಂದು ಪ್ರಶ್ನೆ, ಏನು ಕೇಳಬೇಕು ಎಂಬುದು. ಮಗ ಪೂರ್ತಿ ಹೊಸ ಸೆಟ್ಟು ಕೇಳಿರಿ ಎಂದ. ವಾರಂಟಿ ಕಾರ್ಡು ಓದಿದೆವು. ರಿಪೇರಿ ಮಾಡುವುದೋ ಬದಲಿ ಕೊಡುವುದೋ ಎಂಬುದು ಕಂಪನಿಯ ಇಚ್ಛೆ ಎಂದು ಅದರಲ್ಲಿತ್ತು. ನಾವು ಮಾರುವ ಮಿಕ್ಸರಿನ ಕಾರ್ಡಿನಲ್ಲಿಯೂ ಇದೇ ಮಾತು ಇರುತ್ತದೆ. ಅಂದ ಮೇಲೆ ವಾರಂಟಿ ಇದೆ ಎಂದ ಮಾತ್ರಕ್ಕೆ ಹೊಸ ಸೆಟ್ಟು ನಮ್ಮ ಹಕ್ಕು ಎಂದು ಬರೆಯಲು ಬಾರದು. ಕೆಟ್ಟದ್ದು ಡಬ್ಬಿ. ಈ ಸಣ್ಣ ಡಬ್ಬಿಯನ್ನು ಬಿಚ್ಚಿ ಮೊಳೆ ಬದಲಿಸುವುದಕ್ಕಿಂತ ಡಬ್ಬಿಯನ್ನೇ ಬದಲಿಸುವುದು ಕಂಪನಿಗೂ ಹಗುರು. ಆದ್ದರಿಂದ ಅದೇ ಮಾದರಿಯ ಡಬ್ಬಿಯ ಬದಲಿಯನ್ನು ಕೇಳಿ, ಅದು ಆಗದಿದ್ದರೆ ಪೂರ್ತಿ ಸೆಟ್ಟು ಎಂದು ಬರೆದೆವು.

ಅಂಗಡಿಯವರಿಗೆ ಏಕೆ ಬರೆಯಬೇಕು, ಕಂಪನಿಗೆ ಬರೆದರಾಗದೇ ಎಂದು ಯಾರಾದರೂ ಕೇಳಬಹುದು. ದುಡ್ಡು ತೆಗೆದುಕೊಂಡು ಬಿಲ್ ಕೊಟ್ಟವರು ಅಂಗಡಿಯವರು. 2019ರ ಗ್ರಾಹಕ ಸಂರಕ್ಷಣಾ ಕಾಯದೆಯ ಪ್ರಕಾರ ದೋಷವುಳ್ಳ ಮಾಲಿನ ದೂರನ್ನು ಮಾರಿದವರ ಮೇಲೂ ಕೊಡಬಹುದು, ತಯಾರಿಸಿದವರ ಮೇಲೂ ಕೊಡಬಹುದು. ಅದೇ ಕಾಯದೆಯಲ್ಲಿ ಇನ್ನೊಂದು ಮಾತಿದೆ. ದೋಷವುಳ್ಳ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯ ಒಳಗೆ, ಏನೂ ಬರೆದಿರದಿದ್ದರೆ 30 ದಿನಗಳ ಒಳಗೆ, ಮರಳಿ ತೆಗೆದುಕೊಂಡು ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ನಮ್ಮ ಬಿಲ್ಲಿನಲ್ಲಿ ಏಳು ದಿನ ಎಂದಿತ್ತು, ಅದು ಮುಗಿದಿತ್ತು. ಹೀಗಾಗಿ ಆ ಕಲಮಿನ ಆಧಾರ ನಮಗಿರಲಿಲ್ಲ, ಅದನ್ನು ಕಾಗದದಲ್ಲಿ ಎತ್ತಲೂ ಇಲ್ಲ. ವರ್ಷದ ವಾರಂಟಿ ಎಂದು ಹೇಳಿ ಮಾರಿದ ಮಾಲನ್ನು ವಾರಂಟಿಯಲ್ಲಿ ಕಳಿಸಿಕೊಡಿರಿ ಎಂಬಷ್ಟೇ ನಮ್ಮ ಕೇಳಿಕೆ.

ಬಿಲ್ ಹುಡುಕಿದಾಗ ಎದೆ ಝಲ್ಲೆಂದಿತು. ಈಗಿನ ಮಶೀನಿನ ಬಿಲ್ಲು ಶಾಯಿಯದಲ್ಲ, ಕಾವಿನಿಂದ ಮೂಡುವ ಅಕ್ಷರ. ಬಿಸಿಲು, ಸೆಕೆ, ಪ್ಲಾಸ್ಟಿಕ್ ಚೀಲ ತಾಗಿದರೆ ಕೆಲವೇ ತಿಂಗಳಲ್ಲಿ ಮಾಸುತ್ತದೆ. ಬೆಲೆ ಕಾಣುತ್ತಿತ್ತು, ತಾರೀಖು ಅರ್ಧ ಹೋಗಿತ್ತು. ಪುಣ್ಯಕ್ಕೆ ಮೊಮ್ಮಗ ತಂದ ದಿನವೇ ಮೊಬೈಲಿನಲ್ಲಿ ಅದರ ಫೋಟೋ ಹಿಡಿದಿದ್ದ. ಅಂದಿನಿಂದ ನಮ್ಮ ಮನೆಯಲ್ಲಿ ಇಂಥ ಬಿಲ್ಲು ಬಂದ ದಿವಸವೇ ಝೆರಾಕ್ಸ್ ಆಗುತ್ತದೆ.

ಅಂಗಡಿಯವರು ಮರಾಠಿ ಮಂದಿ. ಕಾಗದವನ್ನು ಮರಾಠಿಯಲ್ಲಿ ಬರೆದೆವು. ನಮ್ಮ ಗಡಿ ಭಾಗದವರಿಗೆ ಅದೇನೂ ತೊಡಕಲ್ಲ. ಅದರ ಕನ್ನಡ ರೂಪ ಹೀಗಿದೆ. ಹೆಸರು, ಬಿಲ್ ನಂಬರ್, ಡಬ್ಬಿಯ ಸೀರಿಯಲ್ ನಂಬರುಗಳನ್ನು ಮಾತ್ರ ಇಲ್ಲಿ ಬಿಟ್ಟಿದ್ದೇವೆ.

‘ದಿನಾಂಕ 1 ಡಿಸೆಂಬರ್ 2025.

ಮಾಲಕರಿಗೆ ನಮಸ್ಕಾರ.

ವಿಷಯ: ವಾರಂಟಿಯ ಅವಧಿಯಲ್ಲಿ ಚಾರ್ಜ್ ಆಗದ ಇಯರ್‌ಬಡ್ಸ್ ಡಬ್ಬಿಯನ್ನು ಬದಲಿಸಿ ಕೊಡುವ ಬಗ್ಗೆ.

ನಿಮ್ಮ ಅಂಗಡಿಯಿಂದ 23 ಆಗಸ್ಟ್ 2025ರಂದು 1,799 ರೂಪಾಯಿಗೆ ಒಂದು ಸೆಟ್ ಇಯರ್‌ಬಡ್ಸ್ ಕೊಂಡಿದ್ದೇವೆ. ಬಿಲ್ ನಂಬರ್ ಮತ್ತು ಸೀರಿಯಲ್ ನಂಬರ್ ಮೇಲೆ ಬರೆದಿದೆ. ವಾರಂಟಿ 22 ಆಗಸ್ಟ್ 2026ರವರೆಗೆ ಇದೆ.

19 ನವೆಂಬರ್ 2025ರಿಂದ ಎಡದ ಬಡ್ ಡಬ್ಬಿಯಲ್ಲಿ ಚಾರ್ಜ್ ಆಗುತ್ತಿಲ್ಲ. ಡಬ್ಬಿ ಚಾರ್ಜ್ ಆಗುತ್ತದೆ. ಬಲದ ಬಡ್ ಚಾರ್ಜ್ ಆಗುತ್ತದೆ. ಎಡದ ಬಡ್ಡನ್ನು ಬೆರಳಿನಿಂದ ಒತ್ತಿ ಹಿಡಿದರೆ ಮಾತ್ರ ದೀಪ ಹತ್ತುತ್ತದೆ. ಎಡಗುಂಡಿಯ ಒಂದು ಮೊಳೆ ಕೆಳಗೆ ಕುಳಿತಿದ್ದು ಮೇಲೆ ಬರುತ್ತಿಲ್ಲ. ಒಣ ಅರಳೆಯಿಂದ ಒರೆಸಿ, ಬೇರೆ ಕೇಬಲ್ ಹಚ್ಚಿ ನೋಡಿದ್ದೇವೆ. ನಾವು ಬಿಚ್ಚಿಲ್ಲ, ಬೇರೆಯವರಿಂದ ಬಿಚ್ಚಿಸಿಲ್ಲ.

ನಿಮಗೆ ತಿಳಿದಿರಲೆಂದು: 6 ಸೆಪ್ಟೆಂಬರ್ 2025ರಂದು ಮುಚ್ಚಿದ ಡಬ್ಬಿಯ ಮೇಲೆ ನಾಲ್ಕೈದು ಹನಿ ನೀರು ಬಿದ್ದಿತ್ತು, ಕೂಡಲೇ ಒರೆಸಲಾಯಿತು. ಅದರ ನಂತರ ಹತ್ತು ವಾರ ಡಬ್ಬಿ ಸರಿಯಾಗಿ ಕೆಲಸ ಮಾಡಿದೆ. ಮೊಳೆಗಳ ಮೇಲೆ ಕಿಲುಬು ಇಲ್ಲ. ಬಿಚ್ಚಿ ಪರೀಕ್ಷಿಸಲು ನಮ್ಮ ಒಪ್ಪಿಗೆ ಇದೆ.

22 ನವೆಂಬರ್‌ರಂದು ಫೋನ್ ಮಾಡಿದಾಗ ಕಂಪನಿಯನ್ನು ಕೇಳಿರಿ ಎಂದು ನಿಮ್ಮ ಅಂಗಡಿಯಿಂದ ಹೇಳಲಾಯಿತು. ವಾರಂಟಿ ಹೇಳಿ ಮಾರಿದವರು ನೀವಾದ್ದರಿಂದ ಮಾಲನ್ನು ತೆಗೆದುಕೊಂಡು, ಪಾವತಿ ಕೊಟ್ಟು, ಕಂಪನಿಗೆ ಕಳಿಸಿ ಡಬ್ಬಿಯನ್ನು ಬದಲಿಸಿ ಕೊಡಬೇಕೆಂದು ವಿನಂತಿ. ಅದೇ ಮಾದರಿಯ ಡಬ್ಬಿ ಸಿಗದಿದ್ದರೆ ಪೂರ್ತಿ ಸೆಟ್ ಬದಲಿಸಿ ಕೊಡಬೇಕು. ಕಂಪನಿ ಒಪ್ಪದಿದ್ದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಮಾಲನ್ನು ಯಾವ ದಿನ ತರಬೇಕೆಂದು ಈ ಕಾಗದ ಮುಟ್ಟಿದ 15 ದಿನಗಳ ಒಳಗೆ ತಿಳಿಸಿರಿ.

ಜೊತೆಗೆ ಬಿಲ್ಲಿನ ಮತ್ತು ವಾರಂಟಿ ಕಾರ್ಡಿನ ಝೆರಾಕ್ಸ್ ಹಾಗೂ ಡಬ್ಬಿಯ ಎರಡು ಫೋಟೋ ಇಟ್ಟಿದ್ದೇವೆ.’

ಕೆಳಗೆ ಮನೆಯವರ ಸಹಿ ಮಾಡಿಸಿದೆವು, ಬಿಲ್ಲು ಅವರ ಹೆಸರಿನಲ್ಲಿದ್ದುದರಿಂದ. ಕೋರ್ಟು, ಕಚೇರಿ ಎಂಬ ಬೆದರಿಕೆಯ ಮಾತು ಎಲ್ಲಿಯೂ ಹಾಕಲಿಲ್ಲ. ಮೊದಲ ಕಾಗದದಲ್ಲಿಯೇ ಬೆದರಿಕೆ ಕಂಡರೆ ನಾವಾದರೂ ಅದನ್ನು ವಕೀಲರ ಕಡೆಗೆ ತಳ್ಳುತ್ತೇವೆ, ಮಾಲಿನ ಕಡೆಗೆ ನೋಡುವುದಿಲ್ಲ. ಅಸಲು ಬಿಲ್ಲನ್ನೂ ಮಾಲನ್ನೂ ಕಾಗದದ ಜೊತೆ ಕಳಿಸಲಿಲ್ಲ. ಪಾವತಿ ಇಲ್ಲದೆ ಮಾಲು ಕೈಬಿಡಬಾರದೆಂಬುದು ಮಾರ್ಕೆಟ್ಟಿನಲ್ಲಿ ಕಲಿತ ಪಾಠ.

ಮರುದಿನ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿರಿ ಎಂದೆವು. ರಿಜಿಸ್ಟರ್ ಪೋಸ್ಟನ್ನು ಸ್ಪೀಡ್ ಪೋಸ್ಟಿನಲ್ಲಿ ಕೂಡಿಸಿದ್ದಾರೆಂದು ಅಲ್ಲಿಯೇ ತಿಳಿಯಿತು. ಸ್ಪೀಡ್ ಪೋಸ್ಟ್ ಮಾಡಿಸಿ ಪಾವತಿಯನ್ನು ಕಾಗದದ ಪ್ರತಿಗೆ ಟಾಚಣಿಯಿಂದ ಸೇರಿಸಿ ಇಟ್ಟೆವು.

ಡಿಸೆಂಬರ್ 8ರಂದು ಮಾಲಕರೇ ಫೋನ್ ಮಾಡಿದರು. ಬುಧವಾರ ಮಗ ಸಾಂಗಲಿಗೆ ಹೋದ. ಮಾಲಕರು ನಮ್ಮ ಕಾಗದವನ್ನು ಮುಂದಿಟ್ಟುಕೊಂಡೇ ಕುಳಿತಿದ್ದರಂತೆ. ಬಡ್ಡನ್ನು ಬೆರಳಿನಿಂದ ಒತ್ತಿ ದೀಪ ಹತ್ತುವುದನ್ನು ನೋಡಿ, ಜಾಬ್ ಶೀಟ್ ಬರೆದು, ಅದಕ್ಕೆ ನಮ್ಮ ಕಾಗದದ ಒಂದು ಪ್ರತಿಯನ್ನು ಜೋಡಿಸಿ ಕಂಪನಿಯ ಸರ್ವಿಸ್ ಸೆಂಟರಿಗೆ ಕಳಿಸಿದರು. ನೀರಿನ ಸಾಲನ್ನು ಬೆರಳಿಟ್ಟು ತೋರಿಸಿ, ‘ಇದನ್ನು ಯಾರೂ ಬರೆಯುವುದಿಲ್ಲ’ ಎಂದು ಮರಾಠಿಯಲ್ಲಿ ಅಂದರಂತೆ. ಮೆಚ್ಚಿ ಅಂದರೋ ಮರುಗಿ ಅಂದರೋ ಮಗನಿಗೆ ತಿಳಿಯಲಿಲ್ಲ.

ಆ ಸಾಲಿನಿಂದ ಕೆಲಸ ತಡವಾದದ್ದು ನಿಜ. ಸರ್ವಿಸ್ ಸೆಂಟರಿನವರು ಡಬ್ಬಿ ಬಿಚ್ಚಿ ಒಳಗೆ ನೀರಿನ ಗುರುತು ಹುಡುಕಿದರು. ಸಿಗಲಿಲ್ಲ. ಮೊಳೆಯ ಸ್ಪ್ರಿಂಗ್ ಸಿಕ್ಕಿಬಿದ್ದಿದೆ, ತಯಾರಿಕೆಯ ದೋಷ ಎಂದು ಜಾಬ್ ಶೀಟಿನಲ್ಲಿ ಬರೆದು ಡಬ್ಬಿ ಬದಲಿಸಿದರು. ಡಿಸೆಂಬರ್ 27ರಂದು ಹೊಸ ಡಬ್ಬಿ ಕೈಗೆ ಬಂತು. ಹಳೆಯ ಎರಡೂ ಬಡ್ ಅದರಲ್ಲಿಟ್ಟು, ಎರಡರ ದೀಪವನ್ನೂ ಮೊಬೈಲಿನಲ್ಲಿ ಎರಡರ ಅಂಕಿಯನ್ನೂ ನೋಡಿಯೇ ಮಗ ಸಹಿ ಮಾಡಿದ. ಹೊಸ ಡಬ್ಬಿಯ ಸೀರಿಯಲ್ ನಂಬರನ್ನು ಜಾಬ್ ಶೀಟಿನ ಮೇಲೆ ಬರೆಸಿಕೊಂಡ. ವಾರಂಟಿ ಹೊಸದಾಗಿ ಸುರುವಾಗುವುದಿಲ್ಲ, ಮೊದಲಿನ 22 ಆಗಸ್ಟ್ 2026ಕ್ಕೇ ಮುಗಿಯುತ್ತದೆ.

ಅವರು ಉತ್ತರವನ್ನೇ ಕೊಡದಿದ್ದರೆ? ಅದಕ್ಕೂ ಸಿದ್ಧರಾಗಿದ್ದೆವು. ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಅಲ್ಲಿ ಆಗದಿದ್ದರೆ ಸಾಂಗಲಿಯ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷ ರೂಪಾಯಿಯವರೆಗಿನ ಮಾಲಿಗೆ ಅಲ್ಲಿ ಶುಲ್ಕವಿಲ್ಲ. ಕಾರಣ ಉಂಟಾದ ಎರಡು ವರ್ಷದ ಒಳಗೆ ಹೋಗಬೇಕು. ಹೊಸ ಕಾಯದೆಯಂತೆ ನಾವು ಇರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ವಿಜಯಪುರದಲ್ಲಿ ಕೊಂಡಿದ್ದರೂ ನಮಗೆ ಸಾಂಗಲಿಯೇ ಸಾಕಾಗುತ್ತಿತ್ತು. ಆದರೆ 1,799 ರೂಪಾಯಿಗೆ ಸಾಂಗಲಿಗೆ ಎಷ್ಟು ಸಲ ತಿರುಗುವುದು ಎಂಬ ಲೆಕ್ಕವನ್ನೂ ವ್ಯಾಪಾರಸ್ಥರು ಮಾಡಬೇಕಾಗುತ್ತದೆ. ಅದಕ್ಕೆಂದೇ ಮೊದಲ ಕಾಗದ ಪಕ್ಕಾ ಇರಬೇಕು.

ಕೊನೆಗೆ ನಮ್ಮದೊಂದು ಮಾತು. ಆ ಕಾಗದದಲ್ಲಿ ‘ಕಂಪನಿಯನ್ನು ಕೇಳಿರಿ ಎಂದು ನಿಮ್ಮ ಅಂಗಡಿಯಿಂದ ಹೇಳಲಾಯಿತು’ ಎಂಬ ಸಾಲು ಬರೆಯುವಾಗ ನಮ್ಮ ಲೇಖಣಿ ನಿಂತಿತ್ತು. ಎರಡು ವರ್ಷದ ಹಿಂದೆ ಹಳ್ಳಿಯ ಒಬ್ಬ ಕುರಿಗಾರರು ಮಗಳ ಲಗ್ನಕ್ಕೆಂದು ನಮ್ಮಲ್ಲಿ ಕೊಂಡ ಮಿಕ್ಸರನ್ನು ಐದನೆಯ ತಿಂಗಳಲ್ಲಿ ಮರಳಿ ತಂದಿದ್ದರು. ಸೀಜನ್ನಿನ ಗದ್ದಲ. ಗಲ್ಲಾದಿಂದ ಏಳದೆ, ‘ಕಂಪನಿಯವರನ್ನ ಕೇಳ್ರಿ’ ಎಂದು ನಾವೂ ಹೇಳಿ ಕಳಿಸಿದ್ದೆವು. ಅವರಿಗೆ ಕಾಗದ ಬರೆಯಲು ಬರುತ್ತಿರಲಿಲ್ಲ. ಮಿಕ್ಸರನ್ನು ಹೆಗಲ ಮೇಲಿಟ್ಟುಕೊಂಡು ಸುಮ್ಮನೆ ಹೋದರು.

ಜನವರಿಯ ಸಂತೆಯ ದಿನ ಅವರ ಊರಿನವರೊಬ್ಬರ ಕೂಡ ಹೇಳಿ ಕಳಿಸಿದೆವು. ಬಂದರು. ವಾರಂಟಿ ಮುಗಿದು ಬಹಳ ದಿನವಾಗಿದ್ದರಿಂದ ಕಂಪನಿಯನ್ನು ಕೇಳುವಂತಿರಲಿಲ್ಲ. ನಮ್ಮ ಖರ್ಚಿನಲ್ಲಿ ಮೋಟರ್ ಹಾಕಿಸಿ ಕೊಟ್ಟೆವು. 650 ರೂಪಾಯಿ ಆಯಿತು. ‘ಇಷ್ಟ ದಿನದ ಮ್ಯಾಲ ನೆನಪಿಟ್ಟೀರಲ್ಲರಿ ಸಾವಕಾರ’ ಎಂದು ಅವರು ಅಂದಾಗ ನಮಗೆ ಮುಖ ಎತ್ತಲು ಆಗಲಿಲ್ಲ. ನೆನಪಿಟ್ಟಿರಲಿಲ್ಲ, ಮರೆತಿದ್ದೆವು. ನಮ್ಮ ತಕರಾರು ನಾವು ಬರೆಯುವಾಗ ಅವರ ತಕರಾರು ನೆನಪಾಗಿತ್ತು. ಈಗ ನಮ್ಮ ಗಲ್ಲಾದ ಪಕ್ಕದಲ್ಲಿ ಒಂದು ಪಾವತಿ ಪುಸ್ತಕ ಇಟ್ಟಿದ್ದೇವೆ. ವಾರಂಟಿಯ ಮಾಲು ತಂದವರಿಗೆ ತಾರೀಖು, ನಂಬರ್, ದೋಷ ಬರೆದು ಪಾವತಿ ಹರಿದು ಕೊಡುತ್ತೇವೆ. ಬರೆಯಲು ಬಾರದವರ ತಕರಾರನ್ನು ನಾವೇ ಬರೆದುಕೊಳ್ಳುತ್ತೇವೆ.

ಮನೆಯವರು ಸಂಜೆ ಎರಡೂ ಕಿವಿಗೆ ಇಟ್ಟುಕೊಂಡು ಪ್ರವಚನ ಕೇಳುತ್ತಿದ್ದಾರೆ. ಗಂಧೋದಕದ ಬಟ್ಟಲನ್ನು ಮಾತ್ರ ಈಗ ಬೇರೆ ಗೂಡಿನಲ್ಲಿ ಇಡುತ್ತೇವೆ.

ಜೈ ಜಿನೇಂದ್ರ.